1.2 ವೋಲ್ಟಿನ ರೀಚಾರ್ಜಬಲ್ ಸೆಲ್ಲು 1.5ರ ಜಾಗದಲ್ಲಿ ಹೇಗೆ ನಡೆಯುತ್ತೆ? ಮನೆಯಲ್ಲೇ ಅಳೆದು ತೀರ್ಮಾನಿಸುವ ಬಗೆ

ಮದುವೆ ಫೋಟೊ ತೆಗೆಯುವ ಗೆಳೆಯನೊಬ್ಬನ ಹತ್ತಿರ ಹೊಸದಾಗಿ ಸೇರಿದ ಹುಡುಗ ಒಂದು ದಿನ ಫ್ಲ್ಯಾಶಿಗೆ ಸೆಲ್ಲು ತುಂಬುತ್ತಾ ಕೈ ನಿಲ್ಲಿಸಿ ಕೇಳಿದ: "ಅಣ್ಣಾ, ಫ್ಲ್ಯಾಶ್ ಮೇಲೆ 1.5 ಅಂತ ಇದೆ, ಈ ಸೆಲ್ಲಿನ ಮೇಲೆ 1.2 ಅಂತ ಇದೆ. ನಾಲ್ಕು ಸೇರಿದ್ರೆ ಆರು ವೋಲ್ಟ್ ಬರ್ಬೇಕಾದ ಕಡೆ 4.8 ಬರುತ್ತೆ. ಒಂದು ಪೂರ್ತಿ ಸೆಲ್ಲೇ ಕಮ್ಮಿ ಆದಂಗಲ್ವಾ?"

ಗೆಳೆಯ ಲೆನ್ಸ್ ಒರೆಸುತ್ತಲೇ ಹೇಳಿದ: "ನಿನ್ ಲೆಕ್ಕ ಸರಿ ಕಣೋ. ಆದ್ರೆ ಫ್ಲ್ಯಾಶು ಲೇಬಲ್ ಓದಲ್ಲ."

ಹುಡುಗನಿಗೆ ಸಮಾಧಾನ ಆಗಲಿಲ್ಲ, ಆಗಬೇಕಾಗಿಯೂ ಇರಲಿಲ್ಲ. ಅವನ ಅನುಮಾನ ನ್ಯಾಯವಾದದ್ದೇ. ಈ 1.2ರ ರೀಚಾರ್ಜಬಲ್ ಸೆಲ್ಲುಗಳು, ಅಂದರೆ ನಿಕಲ್ ಮೆಟಲ್ ಹೈಡ್ರೈಡ್ ಬಗೆಯವು, ಬಳಸಿ ಎಸೆಯುವ 1.5ರ ಆಲ್ಕಲೈನ್ ಸೆಲ್ಲಿಗೆಂದು ಮಾಡಿದ ಬಹಳಷ್ಟು ಸಾಮಾನುಗಳಲ್ಲಿ ಸಲೀಸಾಗಿ ನಡೆಯುತ್ತವೆ, ಕೆಲವದರಲ್ಲಿ ನಡೆಯುವುದಿಲ್ಲ, ಇನ್ನು ಕೆಲವದರಲ್ಲಿ ನಡೆದಂತೆ ಮಾಡಿ ಕೈಕೊಡುತ್ತವೆ. ನಿಮ್ಮ ಸಾಮಾನು ಈ ಮೂರರಲ್ಲಿ ಯಾವ ಗುಂಪಿನದು ಎಂದು ಮನೆಯಲ್ಲೇ ತಿಳಿದುಕೊಳ್ಳಬಹುದು. ಒಂದು ಮಲ್ಟಿಮೀಟರ್ ಮತ್ತು ಕೆಲವು ರೂಪಾಯಿಯ ಒಂದು ರೆಸಿಸ್ಟರ್ ಇದ್ದರೆ ಸಾಕು.

ಮೊದಲು 1.5 ಎಂದರೇನು ಎಂಬುದು

ಆಲ್ಕಲೈನ್ ಸೆಲ್ಲಿನ ಮೇಲೆ ಬರೆದಿರುವ 1.5 ಅದರ ಹುಟ್ಟಿನ ದಿನದ ಅಂಕಿ. ಪ್ಯಾಕೆಟ್ಟಿನಿಂದ ಆಗಷ್ಟೇ ತೆಗೆದ ಸೆಲ್ಲಿಗೆ ಮೀಟರ್ ಹಚ್ಚಿದರೆ 1.6ರ ಆಸುಪಾಸು ತೋರಿಸುತ್ತದೆ. ಕೆಲಸಕ್ಕೆ ಹಚ್ಚಿದ ಗಳಿಗೆಯಿಂದ ಇಳಿಯಲು ಶುರು. 1.4, 1.3, 1.2, 1.1 ಎಂದು ಉದ್ದಕ್ಕೂ ಇಳಿಯುತ್ತಲೇ ಹೋಗಿ 0.9 ಅಥವಾ 0.8ರ ಹತ್ತಿರ ಮುಗಿಯುತ್ತದೆ. ಸಾಧಾರಣ ಹೊರೆಯಲ್ಲಿ, ಅಂದರೆ ಸಾಮಾನು ಹದವಾಗಿ ಕರೆಂಟು ಎಳೆಯುವಾಗ, ಅದರ ಆಯುಸ್ಸಿನ ಅರ್ಧಕ್ಕೂ ಹೆಚ್ಚು ಭಾಗ ಕಳೆಯುವುದು 1.3ಕ್ಕಿಂತ ಕೆಳಗೇ. ಇಡೀ ಆಯುಸ್ಸಿನ ಸರಾಸರಿ ತೆಗೆದರೆ 1.2ರ ಹತ್ತಿರ ಬಂದು ನಿಲ್ಲುತ್ತದೆ.

ನಿಕಲ್ ಸೆಲ್ಲಿನ ಮೇಲಿರುವ 1.2 ಹುಟ್ಟಿನ ದಿನದ್ದಲ್ಲ, ನಡುವಯಸ್ಸಿನದು. ಚಾರ್ಜರಿನಿಂದ ತೆಗೆದ ಕೂಡಲೇ ಅದೂ 1.4 ದಾಟಿರುತ್ತದೆ. ಒಂದು ರಾತ್ರಿ ಬಿಟ್ಟರೆ 1.35ರ ಆಸುಪಾಸಿಗೆ ಕೂರುತ್ತದೆ. ಕೆಲಸಕ್ಕೆ ಹಚ್ಚಿದ ಮೇಲೆ ಬೇಗ 1.25ಕ್ಕೆ ಬಂದು, ಅಲ್ಲಿಂದ 1.2ರ ನಡುವೆ ಬಹಳ ಹೊತ್ತು ಕದಲದೆ ನಿಲ್ಲುತ್ತದೆ. ಚಾರ್ಜು ಮುಗಿಯುವ ಹೊತ್ತಿಗೆ 1.1, 1.0 ಎಂದು ದಡಬಡನೆ ಬೀಳುತ್ತದೆ.

ಆಲ್ಕಲೈನಿನದು ಆಗುಂಬೆ ಘಾಟಿ ಇಳಿದ ಹಾಗೆ, ಮೊದಲಿಂದ ಕೊನೆಯವರೆಗೂ ಇಳಿತ. ನಿಕಲಿನದು ಬಯಲುಸೀಮೆಯ ರಸ್ತೆ. ಚಪ್ಪಟೆಯಾಗಿ ಹೋಗಿ ಹೋಗಿ, ಕೊನೆಗೊಮ್ಮೆ ಜೋಗದ ಅಂಚು. ಒಂದಕ್ಕೆ ಹೊರಟ ಜಾಗದ ಎತ್ತರ ಬರೆದಿದ್ದಾರೆ, ಇನ್ನೊಂದಕ್ಕೆ ನಡುದಾರಿಯ ಎತ್ತರ. ಎರಡನ್ನೂ ಪಕ್ಕಪಕ್ಕ ಇಟ್ಟು ಕಳೆದರೆ ಬರುವ 0.3 ವೋಲ್ಟಿಗೆ ಹೆಚ್ಚಿನ ಅರ್ಥವಿಲ್ಲ.

ಇನ್ನು ಸಾಮಾನು ಮಾಡುವವನ ಕಡೆಯಿಂದ ನೋಡಿ. ಸೆಲ್ಲು 1.5ರಲ್ಲಿ ನಿಲ್ಲುವುದಿಲ್ಲವೆಂದು ಅವನಿಗೆ ಗೊತ್ತು. ಅವನ ರೇಡಿಯೊ 1.3ಕ್ಕೇ ನಿಂತುಬಿಟ್ಟರೆ ಗಿರಾಕಿ ಅರ್ಧಕ್ಕಿಂತ ಹೆಚ್ಚು ಜೀವವಿರುವ ಸೆಲ್ಲನ್ನು ಎಸೆದು, ವಾರಕ್ಕೊಮ್ಮೆ ಅಂಗಡಿಗೆ ಹೋಗಿ, ಬೈದುಕೊಳ್ಳುತ್ತಾನೆ. ಹಾಗಾಗಿ ಸ್ವಲ್ಪ ಯೋಚನೆ ಮಾಡಿ ಕಟ್ಟಿದ ಸಾಮಾನು ಸೆಲ್ಲೊಂದಕ್ಕೆ 1.0 ಅಥವಾ 0.9 ವೋಲ್ಟ್ ಬಂದರೂ ನಡೆಯುತ್ತದೆ. ಸೆಲ್ಲುಗಳನ್ನು ಪರೀಕ್ಷಿಸುವ ಐಇಸಿ ಅಂತಾರಾಷ್ಟ್ರೀಯ ಮಾನಕದಲ್ಲಿ ಆಟಿಕೆಗಳಿಗೆಂದೇ ಒಂದು ಪರೀಕ್ಷೆ ಇದೆ. ಡಬಲ್ ಎ ಅಳತೆಯ ಆಲ್ಕಲೈನ್ ಸೆಲ್ಲಿಗೆ 3.9 ಓಮ್ ಹೊರೆ ಕೊಟ್ಟು, ದಿನಕ್ಕೆ ಒಂದು ಗಂಟೆಯಂತೆ, ಸೆಲ್ಲು 0.8 ವೋಲ್ಟಿಗೆ ಇಳಿಯುವ ತನಕ ಓಡಿಸಿ ನೋಡುತ್ತಾರೆ. ಅಂದರೆ 0.8ರವರೆಗೂ ಆಟಿಕೆ ಆಡಬೇಕು ಎಂಬುದೇ ಅಲ್ಲಿನ ಎಣಿಕೆ. 0.8ಕ್ಕೂ ಒಗ್ಗುವ ಆಟಿಕೆಗೆ 1.2 ಕಮ್ಮಿಯಾಗುವುದಾದರೂ ಹೇಗೆ?

ಮೊದಲ ಹೆಜ್ಜೆ: ಹೊರೆ ಹೊರಿಸಿ ಅಳೆಯಿರಿ

ಇಷ್ಟನ್ನು ನನ್ನ ಮಾತಿನ ಮೇಲೆ ನಂಬಬೇಕಿಲ್ಲ. ಎಲೆಕ್ಟ್ರಾನಿಕ್ ಬಿಡಿಭಾಗಗಳ ಅಂಗಡಿಯಲ್ಲಿ 1 ಓಮ್, 5 ವ್ಯಾಟ್ ರೆಸಿಸ್ಟರ್ ಕೇಳಿ. ಬಿಳಿ ಸಿಮೆಂಟಿನ ಸಣ್ಣ ಇಟ್ಟಿಗೆಯಂತೆ ಇರುತ್ತದೆ. ಬೆಂಗಳೂರಿನವರಾದರೆ ಎಸ್‌.ಪಿ. ರಸ್ತೆಯಲ್ಲಿ ಸಿಗುತ್ತದೆ, ಬೇರೆ ಊರಿನಲ್ಲಿ ಟಿವಿ ರಿಪೇರಿ ಮಾಡುವವರ ಹತ್ತಿರ ಇರುತ್ತದೆ. ಅಳೆಯಲು ಒಂದೇ ಸೆಲ್ಲು ಹಿಡಿಸುವ ಪ್ಲಾಸ್ಟಿಕ್ ಹೋಲ್ಡರ್ ಇದ್ದರೆ ಒಳ್ಳೆಯದು.

ಮೀಟರನ್ನು ಡಿಸಿ ವೋಲ್ಟ್‌ಗೆ, 2 ಅಥವಾ 20ರ ರೇಂಜಿಗೆ ತಿರುಗಿಸಿ. ಮೊದಲು ಸೆಲ್ಲನ್ನು ಬರಿದೇ ಅಳೆಯಿರಿ. ಆಮೇಲೆ ಹೋಲ್ಡರಿನ ಎರಡು ವೈರಿಗೆ ರೆಸಿಸ್ಟರ್ ಸಿಕ್ಕಿಸಿ ಮತ್ತೆ ಅಳೆಯಿರಿ. ಇಲ್ಲಿ ಒಂದು ಎಚ್ಚರ: ಮೀಟರಿನ ಸೂಜಿಗಳು ಸೆಲ್ಲಿನ ಎರಡು ತುದಿಗಳನ್ನೇ ಮುಟ್ಟಬೇಕು, ರೆಸಿಸ್ಟರಿನ ಕಾಲುಗಳನ್ನಲ್ಲ. ಒಂದು ಓಮ್ ಎಷ್ಟು ಸಣ್ಣದೆಂದರೆ, ಹೋಲ್ಡರಿನ ಸ್ಪ್ರಿಂಗು ಮತ್ತು ತೆಳು ವೈರಿನ ಪ್ರತಿರೋಧವೂ ಅದರ ಎದುರು ದೊಡ್ಡದೇ. ತಪ್ಪು ಜಾಗದಲ್ಲಿ ಸೂಜಿ ಇಟ್ಟರೆ ನೀವು ಅಳೆಯುವುದು ಸೆಲ್ಲನ್ನಲ್ಲ, ಸ್ಪ್ರಿಂಗನ್ನು. ಅರ್ಧ ನಿಮಿಷಕ್ಕಿಂತ ಹೆಚ್ಚು ಹೊತ್ತು ಹೊರೆ ಬಿಡಬೇಡಿ. ರೆಸಿಸ್ಟರ್ ಬಿಸಿಯಾಗುತ್ತದೆ, ಸೆಲ್ಲೂ ಸುಮ್ಮನೆ ಖಾಲಿಯಾಗುತ್ತದೆ.

ಆ ಹುಡುಗನ ಎದುರಿಗೆ ನಾನು ಅಳೆದಾಗ ಬಂದದ್ದು ಹೀಗಿತ್ತು. ಹೊಸ ಆಲ್ಕಲೈನ್ ಬರಿದೇ 1.61. ರೆಸಿಸ್ಟರ್ ಹಾಕಿದ ಕೂಡಲೇ 1.36, ಮೂವತ್ತು ಸೆಕೆಂಡಿಗೆ 1.27. ಹಿಂದಿನ ದಿನ ಚಾರ್ಜ್ ಮಾಡಿಟ್ಟಿದ್ದ ನಿಕಲ್ ಸೆಲ್ಲು ಬರಿದೇ 1.36. ಹೊರೆ ಹಾಕಿದ ಕೂಡಲೇ 1.29, ಮೂವತ್ತು ಸೆಕೆಂಡಿಗೆ 1.27. ಕಾಲು ವೋಲ್ಟ್ ಮೇಲಿಂದ ಹೊರಟದ್ದೂ, ಅದಕ್ಕಿಂತ ಕೆಳಗಿನಿಂದ ಹೊರಟದ್ದೂ ಅರ್ಧ ನಿಮಿಷದಲ್ಲಿ ಒಂದೇ ಮೆಟ್ಟಿಲಲ್ಲಿ ನಿಂತಿದ್ದವು.

ಆಮೇಲೆ ಎರಡರಲ್ಲೂ ಅರ್ಧ ಬಳಸಿದ ಸೆಲ್ಲುಗಳನ್ನು ತೆಗೆದುಕೊಂಡೆವು. ಆಲ್ಕಲೈನ್ ಬರಿದೇ 1.32 ತೋರಿಸಿತು, ನಿಕಲ್ 1.29. ಇಲ್ಲೂ ಆಲ್ಕಲೈನೇ ಮೇಲೆ. ಹೊರೆ ಹಾಕಿದಾಗ ಆಲ್ಕಲೈನ್ 1.05ಕ್ಕೆ ಕುಸಿದು ಒಂದರ ಕೆಳಗೆ ಜಾರತೊಡಗಿತು. ನಿಕಲ್ 1.22ರಲ್ಲಿ ನಿಂತೇ ಇತ್ತು. ಹುಡುಗ ಮೀಟರನ್ನೇ ಅನುಮಾನಿಸಿ ಸೆಲ್ಲು ಅದಲುಬದಲು ಮಾಡಿ ಇನ್ನೊಮ್ಮೆ ಅಳೆದ. ಉತ್ತರ ಬದಲಾಗಲಿಲ್ಲ.

ಸೆಲ್ಲಿನ ಒಳಗಿನ ಪ್ರತಿರೋಧ

ಹೀಗಾಗಲು ಕಾರಣ ಸೆಲ್ಲಿನ ಹೊಟ್ಟೆಯೊಳಗೇ ಇರುವ ಪ್ರತಿರೋಧ. ಯಾವ ಸೆಲ್ಲೂ ತಾನು ಹುಟ್ಟಿಸಿದ ವೋಲ್ಟೇಜನ್ನೆಲ್ಲ ಹೊರಗೆ ಕೊಡುವುದಿಲ್ಲ. ಕರೆಂಟು ಹರಿಯುವಾಗ ಒಂದು ಪಾಲನ್ನು ಒಳಗೇ ತಿಂದುಕೊಳ್ಳುತ್ತದೆ. ಎಷ್ಟು ಕರೆಂಟು ಎಳೆಯುತ್ತೀರೋ ಅಷ್ಟು ಹೆಚ್ಚು ತಿನ್ನುತ್ತದೆ. ಹೊಸ ಡಬಲ್ ಎ ಆಲ್ಕಲೈನಿನಲ್ಲಿ ಈ ಪ್ರತಿರೋಧ 0.15ರಿಂದ 0.3 ಓಮ್ ಇರುತ್ತದೆ, ಸೆಲ್ಲು ಖಾಲಿಯಾದಂತೆ ಏರುತ್ತದೆ. ಒಳ್ಳೆಯ ಸ್ಥಿತಿಯ ನಿಕಲ್ ಸೆಲ್ಲಿನಲ್ಲಿ 0.03ರ ಆಸುಪಾಸು, ಚಾರ್ಜು ಬಹುಪಾಲು ಮುಗಿಯುವವರೆಗೂ ಹೆಚ್ಚು ಬದಲಾಗುವುದಿಲ್ಲ.

ಫ್ಲ್ಯಾಶಿಗೇ ಲೆಕ್ಕ ಹಾಕೋಣ. ಬೆಳಕು ಹೊಡೆದ ಮೇಲೆ ಚಾರ್ಜು ಕೂಡಿಡುವ ಕೆಪಾಸಿಟರನ್ನು ಮತ್ತೆ ತುಂಬಿಸಲು ಅದು ಸೆಲ್ಲುಗಳಿಂದ ಹಲವು ಆಂಪಿಯರ್ ಎಳೆಯುತ್ತದೆ. ಮೂರು ಆಂಪಿಯರ್ ಎಂದುಕೊಳ್ಳಿ. ಆಲ್ಕಲೈನಿನ ಪ್ರತಿರೋಧ 0.2 ಓಮ್ ಆದರೆ ಒಳಗೆ ಕಳೆದುಹೋಗುವುದು 0.6 ವೋಲ್ಟ್. 1.6ರಲ್ಲಿ 0.6 ಹೋದರೆ ಫ್ಲ್ಯಾಶಿನ ಕೈಗೆ ಸಿಗುವುದು 1.0. ನಿಕಲ್ ಸೆಲ್ಲು 1.25ರಿಂದ ಹೊರಟು 0.09 ಕಳೆದುಕೊಂಡು 1.16 ಕೊಡುತ್ತದೆ. ಲೇಬಲ್ಲಿನಲ್ಲಿ ಕಮ್ಮಿ ಇದ್ದದ್ದು ಕೆಲಸದಲ್ಲಿ ಮುಂದೆ. ಒಳಗೇ ಉಳಿದ ಆ 0.6 ವೋಲ್ಟ್ ಬಿಸಿಯಾಗುತ್ತದೆ. ಒಂದೇ ಸಮನೆ ಫ್ಲ್ಯಾಶ್ ಹೊಡೆದ ಮೇಲೆ ಆಲ್ಕಲೈನ್ ಸೆಲ್ಲುಗಳನ್ನು ಹೊರಗೆಳೆದವರಿಗೆ ಆ ಬಿಸಿ ಗೊತ್ತು.

ನಿಕಾನ್ ಕಂಪನಿ ತನ್ನ ಎಸ್‌ಬಿ-910 ಫ್ಲ್ಯಾಶಿನ ಕೈಪಿಡಿಯಲ್ಲಿ ಇದನ್ನು ಅಂಕಿಯಲ್ಲೇ ಬರೆದಿದೆ. ಪೂರ್ತಿ ಶಕ್ತಿಯಲ್ಲಿ ಹೊಡೆದ ಮೇಲೆ ಮತ್ತೆ ಸಿದ್ಧವಾಗಲು ಹೊಸ ಆಲ್ಕಲೈನಿನಲ್ಲಿ ಸುಮಾರು 4 ಸೆಕೆಂಡು, ನಿಕಲ್ ಮೆಟಲ್ ಹೈಡ್ರೈಡಿನಲ್ಲಿ ಸುಮಾರು 2.3 ಸೆಕೆಂಡು. ಮಾಂಗಲ್ಯಧಾರಣೆಯ ಹೊತ್ತಿನಲ್ಲಿ ಆ ಒಂದೂಮುಕ್ಕಾಲು ಸೆಕೆಂಡು ಎಷ್ಟು ದೊಡ್ಡದೆಂದು ಫೋಟೊ ತೆಗೆಯುವವರಿಗೆ ಹೇಳಬೇಕಿಲ್ಲ. ಮದುವೆ ಛತ್ರಗಳಲ್ಲಿ ಅವರ ಚೀಲದಲ್ಲಿ ಚಾರ್ಜರ್ ಇರುವುದು ಬರೀ ಕಾಸು ಉಳಿಸಲು ಅಲ್ಲ.

ಇದೇ ಕಾರಣಕ್ಕೆ ಮೋಟರ್ ಇರುವ ಆಟಿಕೆ, ಗಡ್ಡ ಟ್ರಿಮ್ಮರ್, ಗೇಮ್ ಕಂಟ್ರೋಲರ್ ಇಂಥವುಗಳಲ್ಲಿ ನಿಕಲ್ ಸೆಲ್ಲು ಯೋಚಿಸದೆ ಹಾಕಬಹುದು. ಹೆಚ್ಚು ಕರೆಂಟು ಎಳೆಯುವ ಕಡೆ ಅದರದೇ ಕೈ ಮೇಲು.

ಎರಡನೇ ಹೆಜ್ಜೆ: 'ಸತ್ತ' ಸೆಲ್ಲನ್ನು ಎಸೆಯುವ ಮುಂಚೆ

ನಿಮ್ಮ ಸಾಮಾನು ಎಷ್ಟು ವೋಲ್ಟಿನವರೆಗೆ ಸಹಿಸುತ್ತದೆ ಎಂಬುದನ್ನು ಕೈಪಿಡಿಯಲ್ಲಿ ಯಾರೂ ಬರೆಯುವುದಿಲ್ಲ. ಆದರೆ ಅದು ಸೆಲ್ಲು ಖಾಲಿ ಎಂದು ಕೈಚೆಲ್ಲಿದ ದಿನ ಆ ಗುಟ್ಟು ತಾನಾಗಿಯೇ ಹೊರಬರುತ್ತದೆ. ಆ ದಿನ ಸೆಲ್ಲುಗಳನ್ನು ಕಸದ ಬುಟ್ಟಿಗೆ ಹಾಕುವ ಮುಂಚೆ ಅಳೆಯಿರಿ. ನನ್ನ ಮಟ್ಟಿಗೆ ಈ ಇಡೀ ವಿಷಯದಲ್ಲಿ ಅತ್ಯಂತ ಉಪಯೋಗದ ಅಳತೆ ಇದೇ.

ಅಳೆಯುವುದು ಸೆಲ್ಲು ಸಾಮಾನಿನ ಒಳಗೇ ಇರುವಾಗ, ಸಾಮಾನು ಓಡಲು ಯತ್ನಿಸುತ್ತಿರುವಾಗ. ಮುಚ್ಚಳ ತೆಗೆದು, ಸ್ವಿಚ್ ಹಾಕಿ, ಒಂದೊಂದೇ ಸೆಲ್ಲಿನ ಎರಡು ತುದಿಗೆ ಸೂಜಿ ಮುಟ್ಟಿಸಿ ಬರೆದುಕೊಳ್ಳಿ. ಹೊರಗೆ ತೆಗೆದು ಅಳೆದರೆ ಮೋಸ ಹೋಗುತ್ತೀರಿ. ಸುಸ್ತಾದ ಆಲ್ಕಲೈನ್ ಸೆಲ್ಲು ಹತ್ತು ನಿಮಿಷ ಸುಮ್ಮನೆ ಮಲಗಿದರೆ ಚೇತರಿಸಿಕೊಂಡು 1.2, ಕೆಲವೊಮ್ಮೆ 1.3 ತೋರಿಸುತ್ತದೆ. ಟಾರ್ಚಿನ ಸೆಲ್ಲನ್ನು ಬಿಸಿಲಿಗಿಟ್ಟು ಮತ್ತೆ ಹಾಕುತ್ತಿದ್ದ ಕಾಲದವರಿಗೆ ಈ ಚೇತರಿಕೆ ಹೊಸದಲ್ಲ.

ಓಡುವಾಗಿನ ಅಳತೆ ಸೆಲ್ಲಿಗೆ 1.1ಕ್ಕಿಂತ ಕೆಳಗೆ ಬಂದಿದ್ದರೆ ನಿಶ್ಚಿಂತೆಯಿಂದ ನಿಕಲ್ ಹಾಕಿ. ನಿಕಲ್ ಸೆಲ್ಲು 1.1ಕ್ಕೆ ಇಳಿಯುವ ಹೊತ್ತಿಗೆ ಅದರ ಚಾರ್ಜಿನ ಬಹುಪಾಲು ಖರ್ಚಾಗಿರುತ್ತದೆ, ಆದ್ದರಿಂದ ಏನೂ ವ್ಯರ್ಥವಾಗುವುದಿಲ್ಲ. 1.1 ಮತ್ತು 1.2ರ ನಡುವೆ ಬಂದರೆ ನಡೆಯುತ್ತದೆ, ಆದರೆ ಸೆಲ್ಲು ಹಳತಾದಂತೆ ಬೇಗ ಕೈಚೆಲ್ಲುತ್ತದೆ. 1.2ಕ್ಕಿಂತ ಮೇಲೇ ಸಾಮಾನು ಮುಷ್ಕರ ಹೂಡಿದ್ದರೆ ಅದಕ್ಕೆ ನಿಕಲ್ ಹೊಂದುವುದಿಲ್ಲ.

ನಮ್ಮ ಮನೆಯ ಎರಡು ಸಾಮಾನುಗಳ ಕಥೆ ಹೇಳಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಮಗಳ ಆಟಿಕೆ ಕಾರಿಗೆ ಮೂರು ಸೆಲ್ಲು. ಅದು ತೆವಳುತ್ತಾ ತೆವಳುತ್ತಾ ಗೋಡೆ ಹತ್ತಿರ ನಿಂತ ದಿನ ಅಳೆದರೆ ಮೂರೂ 0.9ರ ಆಸುಪಾಸಿನಲ್ಲಿದ್ದವು. ಅದಕ್ಕೆ ನಿಕಲ್ ಹಾಕಿದೆ. ಮೊದಲ ಐದು ನಿಮಿಷ ಹೊಸ ಆಲ್ಕಲೈನಿನಷ್ಟು ಜೋರು ಇರಲಿಲ್ಲ ಎಂದು ಅವಳ ದೂರು, ನಿಜವೇ. ಆದರೆ ಆಮೇಲಿನ ಜೋರು ಕಡೆಯವರೆಗೂ ಹಾಗೇ ಇತ್ತು, ತೆವಳುವ ಹಂತವೇ ಬರಲಿಲ್ಲ. ಓಡುತ್ತಿದ್ದದ್ದು ಒಂದೆರಡು ನಿಮಿಷದಲ್ಲಿ ನಿಂತುಬಿಟ್ಟಿತು.

ಅಡುಗೆಮನೆಯ ತೂಕದ ಯಂತ್ರದ್ದು ಬೇರೆ ಕಥೆ. ಎರಡು ಟ್ರಿಪಲ್ ಎ ಸೆಲ್ಲಿನದು. ಅದು 'Lo' ಎಂದು ತೋರಿಸಿದಾಗ ಸೆಲ್ಲುಗಳು 1.25ರಲ್ಲಿದ್ದವು. ಆ ಸೆಲ್ಲುಗಳನ್ನು ತೆಗೆದು ಟಿವಿ ರಿಮೋಟಿಗೆ ಹಾಕಿದೆ, ತಿಂಗಳುಗಟ್ಟಲೆ ನಡೆದವು. ಗೊತ್ತಿದ್ದೂ ಪರೀಕ್ಷೆಗೆಂದು ತೂಕದ ಯಂತ್ರಕ್ಕೆ ನಿಕಲ್ ಹಾಕಿದರೆ ಒಂದು ವಾರ ನಡೆದು ಮತ್ತೆ 'Lo'. ಸೆಲ್ಲಿನಲ್ಲಿ ಚಾರ್ಜು ಇನ್ನೂ ತುಂಬಾ ಇತ್ತು. ಯಂತ್ರಕ್ಕೆ ಬೇಕಾದ ಎತ್ತರವೇ ಆ ಬಯಲಿಗಿಂತ ಒಂದು ಗೇಣು ಮೇಲಿತ್ತು ಅಷ್ಟೇ. ಇಂಥ ಸಾಮಾನು ಆಲ್ಕಲೈನನ್ನೂ ಅರ್ಧಕ್ಕೆ ಎಸೆಯುವಂತೆ ಮಾಡುತ್ತದೆ. ತಪ್ಪು ಸೆಲ್ಲಿನದಲ್ಲ, ಅದನ್ನು ಕಟ್ಟಿದವನದು.

ಎಲ್‌ಇಡಿ ಟಾರ್ಚುಗಳಲ್ಲಿ ಒಂದು ಬಗೆ ಹೀಗೆಯೇ ಕಾಡುತ್ತದೆ. ಮೂರು ಸೆಲ್ಲು, ನಡುವೆ ಒಂದು ಸಣ್ಣ ರೆಸಿಸ್ಟರ್, ಮುಂದೆ ಬಿಳಿ ಎಲ್‌ಇಡಿ, ಬೇರೇನೂ ಇಲ್ಲ. ಬಿಳಿ ಎಲ್‌ಇಡಿಗೆ ಹೊತ್ತಲು ಸುಮಾರು 3.2 ವೋಲ್ಟ್ ಬೇಕು. ಆಲ್ಕಲೈನಿನ 4.5ರಲ್ಲಿ ಅದನ್ನು ಕಳೆದರೆ 1.3 ಉಳಿಯುತ್ತದೆ, ನಿಕಲಿನ 3.6ರಲ್ಲಿ ಕಳೆದರೆ ಬರೀ 0.4. ರೆಸಿಸ್ಟರಿನಲ್ಲಿ ಕರೆಂಟು ತಳ್ಳುವುದು ಈ ಉಳಿಕೆಯೇ. ಒಟ್ಟು ವೋಲ್ಟೇಜ್ ಐದರಲ್ಲಿ ಒಂದು ಪಾಲು ಕಮ್ಮಿಯಾದರೂ ಬೆಳಕು ಅರ್ಧಕ್ಕಿಂತ ಕೆಳಗೆ ಹೋಗುತ್ತದೆ. ಅದೇ ಒಂದೇ ಸೆಲ್ಲಿನಲ್ಲಿ ಉರಿಯುವ ಟಾರ್ಚಾದರೆ ಒಳಗೆ ವೋಲ್ಟೇಜ್ ಏರಿಸುವ ಸರ್ಕ್ಯೂಟ್ ಇರಲೇಬೇಕು, ಅದಿಲ್ಲದೆ 1.5ರಲ್ಲೂ ಆ ಎಲ್‌ಇಡಿ ಹೊತ್ತುವುದಿಲ್ಲ. ಅಂಥದ್ದಕ್ಕೆ 1.2 ಧಾರಾಳ ಸಾಕು.

ಮೂರನೇ ಹೆಜ್ಜೆ: ಬ್ಯಾಟರಿ ಚಿಹ್ನೆಯನ್ನು ನಂಬಬೇಡಿ

ಬಹಳಷ್ಟು ಸಾಮಾನುಗಳು ಸೆಲ್ಲಿನಲ್ಲಿ ಎಷ್ಟು ಉಳಿದಿದೆ ಎಂದು ಊಹಿಸುವುದು ವೋಲ್ಟೇಜ್ ನೋಡಿ. ಆ ಊಹೆ ಆಲ್ಕಲೈನಿನ ಘಾಟಿಯ ಇಳಿತಕ್ಕೆ ಹೊಂದಿಸಿದ್ದು. 1.25 ಕಂಡರೆ ಅದಕ್ಕೆ ಅರ್ಧ ದಾರಿ ಮುಗಿಯಿತು ಅನ್ನಿಸುತ್ತದೆ. ನಿಕಲ್ ಸೆಲ್ಲು ಮಾತ್ರ ಆಗಷ್ಟೇ ಬಯಲಿಗೆ ಬಂದಿರುತ್ತದೆ. ಹಾಗಾಗಿ ಪೂರ್ತಿ ಚಾರ್ಜ್ ಮಾಡಿದ ಸೆಲ್ಲು ಹಾಕಿದ ಮಾರನೇ ದಿನವೇ ಅರ್ಧ ಎಂದು ತೋರಿಸಿ, ತಿಂಗಳು ಕಳೆದರೂ ಅರ್ಧದಲ್ಲೇ ಇದ್ದು, ಒಂದು ದಿನ ಅರ್ಧದಿಂದ ಸೀದಾ ಸೊನ್ನೆಗೆ ಹೋಗುತ್ತದೆ. ಕೆಲವು ಕ್ಯಾಮೆರಾ ಮತ್ತು ಜಿಪಿಎಸ್ ಉಪಕರಣಗಳ ಮೆನುವಿನಲ್ಲಿ ಸೆಲ್ಲಿನ ಬಗೆ ಆರಿಸುವ ಜಾಗ ಇರುತ್ತದೆ. ಇದ್ದರೆ ಅಲ್ಲಿ ನಿಕಲ್ ಮೆಟಲ್ ಹೈಡ್ರೈಡಿನ ಗುರುತಾದ `NiMH` ಎಂದು ಹಾಕಿ, ಚಿಹ್ನೆ ಸ್ವಲ್ಪ ಮಟ್ಟಿಗೆ ಸತ್ಯ ಹೇಳುತ್ತದೆ.

ಮೌಸಿನಲ್ಲೋ ಕೀಬೋರ್ಡಿನಲ್ಲೋ ಹೀಗಾದರೆ ನಷ್ಟವೇನಿಲ್ಲ. ಬಾಗಿಲ ಬೀಗದಲ್ಲಿ ಆದರೆ?

ನಮ್ಮ ಅಪಾರ್ಟ್‌ಮೆಂಟಿನ ಮೇಲಿನ ಮಹಡಿಯವರು ಡಿಜಿಟಲ್ ಬೀಗ ಹಾಕಿಸಿದ್ದರು, ನಾಲ್ಕು ಡಬಲ್ ಎ ಸೆಲ್ಲಿನದು. ಕೈಪಿಡಿಯಲ್ಲಿ ಆಲ್ಕಲೈನ್ ಮಾತ್ರ ಎಂದಿದ್ದರೂ ಮನೆಯಲ್ಲಿದ್ದ ರೀಚಾರ್ಜಬಲ್ ಸೆಲ್ಲುಗಳನ್ನೇ ಹಾಕಿದರು. ಎರಡನೇ ವಾರದಿಂದಲೇ ಬಾಗಿಲು ತೆಗೆದಾಗಲೆಲ್ಲ ಬೀಪ್ ಬೀಪ್ ಎಂದು ಬ್ಯಾಟರಿ ಎಚ್ಚರಿಕೆ. ಮೊದಲ ಸಲ ಹೆದರಿ ಸೆಲ್ಲು ತೆಗೆದು ಚಾರ್ಜರಿಗೆ ಹಾಕಿದರು, ಅದು ಸ್ವಲ್ಪವೇ ಹೊತ್ತಿನಲ್ಲಿ ತುಂಬಿತು ಎಂದಿತು. ಮತ್ತೆ ಹಾಕಿದರು, ಮತ್ತೆ ಬೀಪ್. "ಅದು ಹಂಗೇ ಬಡ್ಕೊಳ್ಳುತ್ತೆ ಬಿಡ್ರಿ" ಎಂದು ಅಭ್ಯಾಸವಾಯಿತು. ಮೂರು ತಿಂಗಳ ಮೇಲೆ ಒಂದು ಭಾನುವಾರ ರಾತ್ರಿ ಊರಿನಿಂದ ಬಂದಾಗ ಬೀಗ ಬೀಪೂ ಎನ್ನಲಿಲ್ಲ, ಬೆಳಕೂ ತೋರಿಸಲಿಲ್ಲ.

ಅವರ ಪುಣ್ಯ, ಬೀಗದ ಹೊರಗಡೆ ಕೆಳತುದಿಯಲ್ಲಿ ಎರಡು ಲೋಹದ ಚುಕ್ಕೆಗಳಿದ್ದವು. 9 ವೋಲ್ಟಿನ ಚೌಕದ ಬ್ಯಾಟರಿಯನ್ನು ಅಲ್ಲಿಗೆ ಒತ್ತಿ ಹಿಡಿದರೆ ಬೀಗಕ್ಕೆ ಒಂದಿಷ್ಟು ಹೊತ್ತು ಜೀವ ಬರುತ್ತದೆ. ಇಂಥ ವ್ಯವಸ್ಥೆ ಹಲವು ಬೀಗಗಳಲ್ಲಿ ಇದೆ, ಮನೆಯವರಿಗೇ ಗೊತ್ತಿರುವುದಿಲ್ಲ. ಬ್ಯಾಟರಿ ಹುಡುಕಲು ಅವರ ಮಗ ಸ್ಕೂಟರಿನಲ್ಲಿ ಎರಡು ಬಡಾವಣೆ ಸುತ್ತಿ ಬಂದ.

ಆಲ್ಕಲೈನ್ ಆಗಿದ್ದರೆ ಎಚ್ಚರಿಕೆ ಶುರುವಾದ ಮೇಲೂ ಇಳಿಜಾರು ಬಾಕಿ ಇರುತ್ತದೆ, ಸೆಲ್ಲು ತರಲು ವಾರಗಳೇ ಸಿಗುತ್ತವೆ. ನಿಕಲಿನಲ್ಲಿ ಎಚ್ಚರಿಕೆ ಒಂದೋ ಮೊದಲ ದಿನದಿಂದಲೇ ಬಡಿದುಕೊಳ್ಳುತ್ತದೆ, ಇಲ್ಲವೇ ಅಂಚಿಗೆ ಬಂದ ಮೇಲೆ ಬಾಯಿಬಿಡುತ್ತದೆ. ಎರಡರಿಂದಲೂ ಪ್ರಯೋಜನವಿಲ್ಲ. ಬೀಗ, ಹೊಗೆ ಪತ್ತೆ ಮಾಡುವ ಅಲಾರಂ, ವೈದ್ಯಕೀಯ ಉಪಕರಣ ಇಂಥವುಗಳಲ್ಲಿ ಕೈಪಿಡಿ ಹೇಳಿದ ಸೆಲ್ಲನ್ನೇ ಹಾಕಿ. ಮಿಕ್ಕ ಕಡೆ ನಾನು ಪ್ರಯೋಗಕ್ಕೆ ಸದಾ ತಯಾರು, ಇಲ್ಲಿ ಮಾತ್ರ ಇಲ್ಲ.

ಗೋಡೆ ಗಡಿಯಾರ ಮತ್ತು ರಿಮೋಟು ನಿಕಲಿನಲ್ಲಿ ನಡೆಯುತ್ತವೆ, ಆದರೆ ಅರ್ಥವಿಲ್ಲ. ವರ್ಷಕ್ಕೊಂದು ಅಗ್ಗದ ಸೆಲ್ಲು ಬೇಡುವ ಗಡಿಯಾರಕ್ಕೆ ದುಬಾರಿ ಸೆಲ್ಲು ಕೊಟ್ಟು ಕೂರಿಸುವುದೇಕೆ? ಅದಲ್ಲದೆ ಹಳೇ ಬಗೆಯ ನಿಕಲ್ ಸೆಲ್ಲುಗಳು ಸುಮ್ಮನಿದ್ದರೂ ಕೆಲವೇ ತಿಂಗಳಲ್ಲಿ ತಾವಾಗಿಯೇ ಖಾಲಿಯಾಗುತ್ತವೆ. 2005ರಲ್ಲಿ ಜಪಾನಿನ ಸಾನ್ಯೊ ಕಂಪನಿ ಎನಿಲೂಪ್ ಹೆಸರಿನಲ್ಲಿ ತಂದ ಬಗೆ ವರ್ಷ ಕಳೆದರೂ ಬಹುಪಾಲು ಚಾರ್ಜನ್ನು ಉಳಿಸಿಕೊಳ್ಳುತ್ತದೆ. ಈಗ ಬೇರೆ ಕಂಪನಿಗಳೂ ಅಂಥದ್ದನ್ನು ಮಾಡುತ್ತವೆ. ಕೊಳ್ಳುವಾಗ ಪ್ಯಾಕೆಟ್ಟಿನಲ್ಲಿ ಮೊದಲೇ ಚಾರ್ಜ್ ಮಾಡಿದ್ದು, ಬಳಸಲು ಸಿದ್ಧ ಎಂದಿದೆಯೇ ನೋಡಿ, ಅದೇ ಗುರುತು. ಎಷ್ಟು ಚಾರ್ಜು ಹಿಡಿಯುತ್ತದೆ ಎಂಬುದಕ್ಕೆ 2800 ಎಂಎಎಚ್ ಎಂದು ದೊಡ್ಡ ಅಂಕಿ ಬರೆದ ಸೆಲ್ಲಿಗಿಂತ 2000 ಎಂಎಎಚ್‌ನ ಈ ಬಗೆಯನ್ನೇ ನಾನು ಕೊಳ್ಳುವುದು.

ನಾಲ್ಕನೇ ಹೆಜ್ಜೆ: ಜೊತೆ ಒಡೆಯಬೇಡಿ

ನಾಲ್ಕು ಸೆಲ್ಲಿನ ಸಾಮಾನಿಗೆ ಒಂದೇ ದಿನ ಕೊಂಡ, ಒಂದೇ ಬಗೆಯ ನಾಲ್ಕನ್ನು ಹಾಕಿ. ಮಾರ್ಕರ್ ಪೆನ್ನಿನಲ್ಲಿ ನಾಲ್ಕರ ಮೇಲೂ 'ಅ' ಎಂದೋ 'ಬ' ಎಂದೋ, ಕೊಂಡ ತಿಂಗಳೊಂದಿಗೆ ಬರೆಯಿರಿ. ಅವು ಒಟ್ಟಿಗೆ ಸಾಮಾನಿಗೆ ಹೋಗಲಿ, ಒಟ್ಟಿಗೆ ಚಾರ್ಜರಿಗೆ ಬರಲಿ.

ಯಾಕೆಂದರೆ ಸಾಲಿನಲ್ಲಿ ಒಂದು ಸೆಲ್ಲು ಬಡಕಲಾಗಿದ್ದರೆ ಅದು ಮೊದಲು ಖಾಲಿಯಾಗುತ್ತದೆ. ಮಿಕ್ಕ ಮೂರರಲ್ಲಿ ಜೀವ ಇರುವುದರಿಂದ ಸಾಮಾನು ಓಡುತ್ತಲೇ ಇರುತ್ತದೆ, ಆ ಮೂರು ಸೇರಿ ಖಾಲಿ ಸೆಲ್ಲಿನ ಮೂಲಕ ಕರೆಂಟು ತಳ್ಳುತ್ತವೆ. ಆಗ ಅದರ ವೋಲ್ಟೇಜ್ ಸೊನ್ನೆ ದಾಟಿ ಉಲ್ಟಾ ಆಗುತ್ತದೆ, ಪ್ಲಸ್ ಇದ್ದದ್ದು ಮೈನಸ್. ಒಂದೆರಡು ಸಲ ಹೀಗಾದರೆ ಸೆಲ್ಲು ಕೆಡುತ್ತದೆ. ಆಟಿಕೆ, ಟಾರ್ಚಿನಂತಹ, ತಾವಾಗಿ ನಿಲ್ಲದ ಸಾಮಾನುಗಳಲ್ಲಿ ಇದರ ಕಾಟ ಹೆಚ್ಚು. ವೇಗ ತಗ್ಗಿದ ಕೂಡಲೇ ಸ್ವಿಚ್ ಆರಿಸಿ ಚಾರ್ಜರಿಗೆ ಹಾಕಿ. ಆಲ್ಕಲೈನಿನಂತೆ ಕೊನೇ ಹನಿ ಹಿಂಡಲು ಹೋಗಬೇಡಿ.

ಸೆಲ್ಲು ಮುಪ್ಪಾಗಿದೆಯೇ ಎಂಬುದಕ್ಕೆ ಮತ್ತೆ ಅದೇ ಒಂದು ಓಮ್ ರೆಸಿಸ್ಟರ್. ಪೂರ್ತಿ ಚಾರ್ಜ್ ಆದ ಮಾರನೇ ದಿನ ಹೊರೆ ಹಾಕಿದಾಗ ನಾಲ್ಕರಲ್ಲಿ ಮೂರು 1.27 ತೋರಿಸಿ ಒಂದು 1.15ಕ್ಕೆ ಕುಸಿದರೆ ಆ ಒಂದನ್ನು ಗುಂಪಿನಿಂದ ಬಿಡಿಸಿ. ಒಂದೇ ಸೆಲ್ಲಿನ ಮೌಸಿಗೆ ಅದು ಇನ್ನೂ ಒಂದೆರಡು ವರ್ಷ ಆದೀತು.

ಚಾರ್ಜರ್ ಕೊಳ್ಳುವಾಗ ಒಂದೊಂದು ಸೆಲ್ಲನ್ನೂ ಬೇರೆ ಬೇರೆಯಾಗಿ ನೋಡಿಕೊಳ್ಳುವುದನ್ನು ಕೊಳ್ಳಿ. ಎರಡೆರಡು ಹಾಕಲೇಬೇಕು ಎನ್ನುವ ಅಗ್ಗದವು ಜೋಡಿಯನ್ನು ಒಟ್ಟಿಗೆ ತುಂಬುತ್ತವೆ. ಅರ್ಧ ತುಂಬಿದ್ದ ಸೆಲ್ಲು ಬೇಯುತ್ತದೆ, ಖಾಲಿ ಇದ್ದದ್ದು ಅರೆಹೊಟ್ಟೆಯಲ್ಲಿ ಏಳುತ್ತದೆ. ನಿಮ್ಮ ಹತ್ತಿರ ಅಂಥದ್ದೇ ಇದ್ದರೆ ಅದರ ಮೇಲೆ ಬರೆದ ಕರೆಂಟು ನೋಡಿ. 200 ಮಿಲಿಆಂಪಿಯರ್ ಎಂದಿದ್ದರೆ ಖಾಲಿಯಾದ 2000 ಎಂಎಎಚ್ ಸೆಲ್ಲಿಗೆ 14ರಿಂದ 16 ಗಂಟೆ ಹಿಡಿಯುತ್ತದೆ, ಹತ್ತಲ್ಲ. ತುಂಬುವಾಗ ಒಂದಿಷ್ಟು ಪೋಲಾಗುತ್ತದೆ. ಗಂಟೆ ನೋಡಿಕೊಂಡು ನೀವೇ ತೆಗೆಯಬೇಕು.

ಒಳಗಿನ ಪ್ರತಿರೋಧ ಕಮ್ಮಿ ಎಂಬುದಕ್ಕೆ ಇನ್ನೊಂದು ಮುಖವೂ ಇದೆ. ಬಿಡಿ ಸೆಲ್ಲನ್ನು ಬೀಗದ ಕೈ, ಚಿಲ್ಲರೆ ಇರುವ ಜೇಬಿಗೆ ಹಾಕಿಕೊಂಡರೆ, ಎರಡು ತುದಿಗೂ ಲೋಹ ತಾಗಿದ ಗಳಿಗೆಯಲ್ಲಿ ಹತ್ತಾರು ಆಂಪಿಯರ್ ಹರಿಯಬಹುದು. ತೊಡೆ ಸುಟ್ಟುಕೊಂಡವರಿದ್ದಾರೆ. ಅಗ್ಗದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಒಯ್ಯಿರಿ.

ಕೊನೆಗೆ, ನೋಡಲು ಥೇಟ್ ಡಬಲ್ ಎ ಸೆಲ್ಲಿನಂತೆಯೇ ಇರುವ ಇನ್ನೊಂದು ಜಾತಿ ಇದೆ: 14500 ಎಂಬ ಹೆಸರಿನ ಲಿಥಿಯಂ ಸೆಲ್ಲು. ಉದ್ದ ಅಷ್ಟೇ, ದಪ್ಪ ಅಷ್ಟೇ, ಡಬ್ಬಿಯಲ್ಲಿ ಸರಿಯಾಗಿ ಕೂರುತ್ತದೆ. ಅದರ ವೋಲ್ಟೇಜ್ ಮಾತ್ರ 3.7, ಪೂರ್ತಿ ಚಾರ್ಜ್ ಆದಾಗ 4.2. ನಾಲ್ಕು ಹಾಕಿದರೆ ಆರು ವೋಲ್ಟಿನ ಫ್ಲ್ಯಾಶಿಗೆ ಹದಿನಾರು ವೋಲ್ಟ್ ಮೀರಿ ಹೋಗುತ್ತದೆ. 1.2ರ ಬಗ್ಗೆ ಚಿಂತೆ ಮಾಡುತ್ತಿದ್ದ ಆ ಹುಡುಗನಿಗೆ ಗೆಳೆಯ ಕೊನೆಗೆ ಕೊಟ್ಟ ಕೆಲಸ ಇದೇ: ಚೀಲದಲ್ಲಿರುವ ಎಲ್ಲ ಸೆಲ್ಲುಗಳ ಮೈ ಓದಿ, 3.7 ಎಂದು ಬರೆದದ್ದು ಕಂಡರೆ ಬೇರೆ ಡಬ್ಬಿಗೆ ಹಾಕು ಎಂದು. ಒಂದು ಸಿಕ್ಕಿತು, ಟಾರ್ಚಿನದು.